ಟ್ರಾನ್ಸ್‌ಫಾರ್ಮರ್ ಕೆಲಸಕ್ಕೆ ಒಂದು ದಿನ ಕರೆಂಟ್ ಇಲ್ಲ: ನಮ್ಮ ಅಪಾರ್ಟ್‌ಮೆಂಟಿನ ಒಂದು ನೋಟಿಸಿನ ಪ್ರಕರಣ ಅಧ್ಯಯನ

ನೋಟಿಸಿನ ಮೊದಲ ಕರಡು ನಾಲ್ಕೇ ಸಾಲಿನದು. ಬರೆದವನು ನಾನೇ.

"ಟ್ರಾನ್ಸ್‌ಫಾರ್ಮರ್ ನಿರ್ವಹಣೆ ಇರುವುದರಿಂದ ಶನಿವಾರ ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ ವಿದ್ಯುತ್ ಇರುವುದಿಲ್ಲ. ಜನರೇಟರ್ ವ್ಯವಸ್ಥೆ ಇರುತ್ತದೆ. ನೀರು ಶೇಖರಿಸಿಟ್ಟುಕೊಳ್ಳಿ. ಸಹಕರಿಸಿ."

ಕಮಿಟಿಯ ಸಭೆಯಲ್ಲಿ ಇದನ್ನು ಓದಿದಾಗ ನಮ್ಮ ಹಳೆಯ ಸೆಕ್ರೆಟರಿ ಒಂದೇ ಪ್ರಶ್ನೆ ಕೇಳಿದರು. "ಜನರೇಟರ್ ಹತ್ತೂ ಗಂಟೆ ಇರುತ್ತಾ?" ನನಗೆ ಉತ್ತರ ಗೊತ್ತಿರಲಿಲ್ಲ. ಗುತ್ತಿಗೆದಾರರನ್ನು ಕೇಳಿದೆ. "ಮಧ್ಯೆ ಎರಡು ಗಂಟೆ ಅದೂ ಇರಲ್ಲ ಸಾರ್" ಅಂದರು. ಅಂದರೆ ನಾನು ಬರೆದ ನಾಲ್ಕು ಸಾಲಿನಲ್ಲಿ ಒಂದು ಸಾಲು ಸುಳ್ಳು. ಉಳಿದ ಮೂರರಲ್ಲಿ ಇನ್ನೊಂದು ಸಾಲು ತೊಂದರೆ ತರುವಂಥದ್ದು. ಅದು ಯಾವುದು ಅಂತ ಮುಂದೆ ಹೇಳುತ್ತೇನೆ.

ನಮ್ಮದು ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಅಪಾರ್ಟ್‌ಮೆಂಟ್. ನಾಲ್ಕು ಬ್ಲಾಕ್, ಒಂದೊಂದರಲ್ಲಿ ಎಂಟು ಮಹಡಿ, ಒಟ್ಟು 96 ಮನೆ. ಆವರಣದಲ್ಲೇ 500 ಕೆವಿಎ ಟ್ರಾನ್ಸ್‌ಫಾರ್ಮರ್ ಇದೆ. 11,000 ವೋಲ್ಟ್ ಒಳಗೆ ಬಂದು 433 ವೋಲ್ಟ್ ಆಗಿ ಹೊರಗೆ ಹೋಗುತ್ತದೆ. ಇದರ ನಿರ್ವಹಣೆ ನಮ್ಮ ಸಂಘದ್ದೇ. ಕೆಲವು ಅಪಾರ್ಟ್‌ಮೆಂಟ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಬೆಸ್ಕಾಂನ ಸ್ವತ್ತಾಗಿರುತ್ತದೆ, ಅಲ್ಲಿ ಸಂಘದವರು ಅದಕ್ಕೆ ಕೈ ಹಾಕುವ ಹಾಗೇ ಇಲ್ಲ. ನಿಮ್ಮದು ಯಾವುದು ಅಂತ ಮೊದಲು ಕಾಗದ ಪತ್ರ ನೋಡಿಕೊಳ್ಳಿ.

ಕೆಲಸ ಯಾಕೆ ಬಂತು

ಟ್ರಾನ್ಸ್‌ಫಾರ್ಮರ್ ಒಳಗೆ ಎಣ್ಣೆ ಇರುತ್ತದೆ. ನಮ್ಮದರಲ್ಲಿ ಸುಮಾರು 450 ಲೀಟರ್. ಈ ಎಣ್ಣೆ ಸುರುಳಿಗಳ ಬಿಸಿಯನ್ನು ಹೊರಗೆ ಒಯ್ಯುತ್ತದೆ. ಜೊತೆಗೆ ಕರೆಂಟ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರದಂತೆ ತಡೆಯುತ್ತದೆ. ಎಣ್ಣೆಗೆ ನೀರಿನ ಪಸೆ ಸೇರಿದರೆ ಆ ತಡೆಯುವ ಶಕ್ತಿ ಬೇಗ ಇಳಿಯುತ್ತದೆ.

ಟ್ರಾನ್ಸ್‌ಫಾರ್ಮರ್ ಬಿಸಿಯಾದಾಗ ಗಾಳಿ ಹೊರಗೆ ಹೋಗುತ್ತದೆ, ತಣ್ಣಗಾದಾಗ ಒಳಗೆ ಬರುತ್ತದೆ. ಒಳಗೆ ಬರುವ ಗಾಳಿಯ ತೇವ ಹೀರಲು ಒಂದು ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳು ಹಾಕಿರುತ್ತಾರೆ. ನಮ್ಮಲ್ಲಿರುವ ಬಗೆ ಒಣಗಿದ್ದಾಗ ನೀಲಿ, ತೇವ ಕುಡಿದ ಮೇಲೆ ಗುಲಾಬಿ. ನಮ್ಮ ಎಲೆಕ್ಟ್ರಿಷಿಯನ್ ಒಂದು ದಿನ ಬಂದು ಪೂರ್ತಿ ಗುಲಾಬಿ ಆಗಿದೆ ಅಂದರು. ಕೆಳಗೆ ಗ್ಯಾಸ್ಕೆಟ್ ಹತ್ತಿರ ಎಣ್ಣೆ ಜಿನುಗಿದ ಗುರುತೂ ಇತ್ತು.

ಎಣ್ಣೆಯ ಮಾದರಿ ತೆಗೆಸಿ ಬಿಡಿವಿ ಪರೀಕ್ಷೆ ಮಾಡಿಸಿದೆವು. ಒಂದು ಪುಟ್ಟ ಪಾತ್ರೆಯಲ್ಲಿ ಎಣ್ಣೆ ತುಂಬಿ, ಅದರೊಳಗೆ 2.5 ಮಿಲಿಮೀಟರ್ ದೂರದಲ್ಲಿ ಎರಡು ಲೋಹದ ಗುಂಡಿ ಇಟ್ಟು, ಕಿಡಿ ಹಾರುವವರೆಗೆ ವೋಲ್ಟೇಜ್ ಏರಿಸುತ್ತಾ ಹೋಗುತ್ತಾರೆ. ನಮ್ಮಂಥ ಬಳಕೆಯಲ್ಲಿರುವ ಟ್ರಾನ್ಸ್‌ಫಾರ್ಮರ್ ಎಣ್ಣೆ ಕನಿಷ್ಠ 30 ಕಿಲೋವೋಲ್ಟ್ ತಡೆಯಬೇಕು. ನಮ್ಮದು 24ಕ್ಕೇ ಸೋತಿತು. ಮಳೆಗಾಲ ಶುರುವಾಗುವ ಮೊದಲೇ ಎಣ್ಣೆ ಸೋಸಬೇಕು ಅಂತ ತೀರ್ಮಾನ ಆಯಿತು. ಇಡೀ ದಿನ ಬಂದ್ ಮಾಡುವುದು ಹೇಗೂ ಸುಲಭ ಅಲ್ಲ, ಆದ್ದರಿಂದ ಅದೇ ದಿನ ಮೇನ್ ಪ್ಯಾನಲ್‌ನ ಬೋಲ್ಟ್‌ಗಳನ್ನೂ ಬಿಗಿ ಮಾಡಿಸೋಣ ಅಂದುಕೊಂಡೆವು. ಈ ಎರಡನೆಯ ಕೆಲಸವೇ ಆ ಎರಡು ಗಂಟೆಯ ಪೂರ್ತಿ ಕತ್ತಲೆಗೆ ಕಾರಣ.

ಹತ್ತು ಗಂಟೆಯನ್ನು ಬಿಡಿಸಿ ನೋಡಿದಾಗ

ಜನರೇಟರ್ ಇದ್ದರೆ ಟ್ರಾನ್ಸ್‌ಫಾರ್ಮರ್ ಬಂದ್ ಆದರೂ ನಡೆಯುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಅದು ಅರ್ಧ ನಿಜ. ಟ್ರಾನ್ಸ್‌ಫಾರ್ಮರ್‌ನಿಂದ ಬರುವ ಕರೆಂಟ್ ಮತ್ತು ಜನರೇಟರ್ ಕರೆಂಟ್ ಎರಡೂ ಮೇನ್ ಪ್ಯಾನಲ್‌ಗೆ ಬರುತ್ತವೆ. ಅಲ್ಲಿಂದಲೇ ನಾಲ್ಕು ಬ್ಲಾಕ್‌ಗೆ ಹೋಗುತ್ತವೆ. ಟ್ರಾನ್ಸ್‌ಫಾರ್ಮರ್ ಮೇಲೆ ಮಾತ್ರ ಕೆಲಸ ಇದ್ದರೆ ಜನರೇಟರ್ ಓಡಿಸಬಹುದು. ಪ್ಯಾನಲ್ ಒಳಗಿನ ತಾಮ್ರದ ಪಟ್ಟಿಗೆ ಸ್ಪ್ಯಾನರ್ ಹಾಕಬೇಕಾದರೆ ಎರಡೂ ಬಂದ್ ಆಗಲೇಬೇಕು.

ಹಾಗಾಗಿ ಗುತ್ತಿಗೆದಾರರ ಜೊತೆ ಕೂತು ದಿನವನ್ನು ಗಂಟೆ ಗಂಟೆಯಾಗಿ ಬರೆದೆವು. 8 ಗಂಟೆಗೆ ಜನರೇಟರ್ ಶುರು. 8.30ಕ್ಕೆ ಬೆಸ್ಕಾಂನಿಂದ ಲೈನ್ ಕ್ಲಿಯರ್. 11,000 ವೋಲ್ಟ್ ಕಡೆ ಬಂದ್ ಆಗಿದೆ, ಇನ್ನು ಕೈ ಹಾಕಬಹುದು ಅನ್ನುವ ಲಿಖಿತ ಒಪ್ಪಿಗೆ ಅದು. ಅದು ಕೈಗೆ ಬಂದ ಮೇಲೆ, ಉಳಿದ ಕರೆಂಟ್ ನೆಲಕ್ಕೆ ಇಳಿಯಲಿ ಅಂತ ಡಿಸ್ಚಾರ್ಜ್ ರಾಡ್ ಮುಟ್ಟಿಸಿ, ಲೈನಿಗೆ ಅರ್ಥಿಂಗ್ ಕಟ್ಟಬೇಕು. 9.30ರಿಂದ 1 ಗಂಟೆವರೆಗೆ ಎಣ್ಣೆ ಸೋಸುವುದು. ಯಂತ್ರವು ಎಣ್ಣೆಯನ್ನು 60 ಡಿಗ್ರಿ ಹತ್ತಿರ ಬಿಸಿ ಮಾಡಿ, ನಿರ್ವಾತದಲ್ಲಿ ತೇವ ಎಳೆದು, ಮತ್ತೆ ತೊಟ್ಟಿಗೆ ಬಿಡುತ್ತದೆ. ಒಂದು ಸುತ್ತು ಸಾಲದು. ಅದೇ ಎಣ್ಣೆ ನಾಲ್ಕೈದು ಸುತ್ತು ಹೋಗಬೇಕು.

ಸೋಸಿದ ಕೂಡಲೇ ಚಾಲೂ ಮಾಡುವ ಹಾಗಿಲ್ಲ. ಎಣ್ಣೆಯಲ್ಲಿ ಗಾಳಿಯ ಗುಳ್ಳೆಗಳು ಸಿಕ್ಕಿಕೊಂಡಿರುತ್ತವೆ. ಗುಳ್ಳೆ ಇರುವ ಜಾಗದಲ್ಲಿ ತಡೆಯುವ ಶಕ್ತಿ ಕಡಿಮೆ. ಅದಕ್ಕೇ ಒಂದೆರಡು ಗಂಟೆ ಸುಮ್ನೆ ಬಿಡಬೇಕು, ಆಮೇಲೆ ಮೇಲಿನ ತಿರುಪು ಸಡಿಲಿಸಿ ಗಾಳಿ ಬಿಡಬೇಕು. ನಿವಾಸಿಗಳಿಗೆ ಸಿಟ್ಟು ಬರುವ ಹೊತ್ತು ಇದೇ. ಕೆಳಗೆ ಬಗ್ಗಿ ನೋಡಿದರೆ ಟ್ರಾನ್ಸ್‌ಫಾರ್ಮರ್ ಹತ್ತಿರ ಯಾರೂ ಇರುವುದಿಲ್ಲ. ಕೆಲಸ ಮುಗಿದಿದೆ, ಆದರೂ ಕರೆಂಟ್ ಕೊಡುತ್ತಿಲ್ಲ ಅಂತ ಅನಿಸುತ್ತದೆ ಅಲ್ವಾ? ನಾವು ಪ್ಯಾನಲ್ ಕೆಲಸವನ್ನು ಬೇಕೆಂದೇ ಈ ಎರಡು ಗಂಟೆಗೆ ಇಟ್ಟೆವು: 1.30ರಿಂದ 3.30. ಎಣ್ಣೆ ಕೂರುವ ಹೊತ್ತು ಹೇಗೂ ಕಾಯಬೇಕು, ಅದೇ ಹೊತ್ತಿಗೆ ಪ್ಯಾನಲ್ ಮುಗಿದರೆ ಒಟ್ಟು ದಿನ ಉದ್ದವಾಗುವುದಿಲ್ಲ.

ಇನ್ನೊಂದು ಲೆಕ್ಕ ಉಳಿದಿತ್ತು. ಎಣ್ಣೆ ಸೋಸುವ ಯಂತ್ರಕ್ಕೂ ಕರೆಂಟ್ ಬೇಕು, ಅದರ ಹೀಟರ್‌ಗಳೇ 30 ಕಿಲೋವ್ಯಾಟ್ ಹತ್ತಿರ ಎಳೆಯುತ್ತವೆ. ಅದೂ ನಮ್ಮ ಜನರೇಟರ್‌ನಿಂದಲೇ. ನಮ್ಮದು 125 ಕೆವಿಎ, ಅಂದರೆ ಕೆಲಸಕ್ಕೆ ಸಿಗುವುದು 100 ಕಿಲೋವ್ಯಾಟ್. 96 ಮನೆಗೆ ಅರ್ಧ ಅರ್ಧ ಕಿಲೋವ್ಯಾಟ್ ಅಂದರೆ 48. ಲಿಫ್ಟ್‌ಗಳಿಗೆ 25, ನೀರಿನ ಮೋಟಾರುಗಳಿಗೆ 15, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ ಮತ್ತು ದೀಪಗಳಿಗೆ 15. ಯಂತ್ರ ಸೇರಿದರೆ 133. ಇದನ್ನು ನೋಡದೆ ಶುರು ಮಾಡಿದ್ದರೆ ಹತ್ತು ಗಂಟೆ ಹೊತ್ತಿಗೆ ಜನರೇಟರ್ ಟ್ರಿಪ್ ಆಗುತ್ತಿತ್ತು. ಹಾಗಾಗಿ ಎಣ್ಣೆ ಸೋಸುವಾಗ ನೀರಿನ ಮೋಟಾರು ಬಂದ್, ಎಸ್‌ಟಿಪಿಗೆ ಗಾಳಿ ಊದುವ ಬ್ಲೋವರ್ ಬಂದ್, ಬ್ಲಾಕ್‌ಗೆ ಎರಡು ಲಿಫ್ಟ್ ಬದಲು ಒಂದೇ ಅಂತ ತೀರ್ಮಾನಿಸಿದೆವು. ಲೆಕ್ಕ 95ರೊಳಗೆ ಬಂತು.

ನೀರಿನ ಸಾಲು

ಮೊದಲ ಕರಡಿನಲ್ಲಿ ತೊಂದರೆ ತರುವ ಸಾಲು ಇದೇ. "ನೀರು ಶೇಖರಿಸಿಟ್ಟುಕೊಳ್ಳಿ."

ನಮ್ಮ ಒಂದೊಂದು ಬ್ಲಾಕ್ ಮೇಲೆ 10,000 ಲೀಟರ್ ಟ್ಯಾಂಕ್. ನೋಟಿಸಿನಲ್ಲಿ ಹೊತ್ತು ಹೇಳದಿದ್ದರೆ ಜನ ಕರೆಂಟ್ ಹೋಗುವ ಅರ್ಧ ಗಂಟೆ ಮೊದಲು, ಅಂದರೆ ಬೆಳಿಗ್ಗೆ 7.30ಕ್ಕೆ ತುಂಬಿಸಲು ಶುರು ಮಾಡುತ್ತಾರೆ. 24 ಮನೆಯವರು 200 ಲೀಟರ್ ಡ್ರಮ್ ಒಂದೊಂದು ತುಂಬಿದರೆ 4,800 ಲೀಟರ್. ಅದೇ ಹೊತ್ತಿಗೆ ಸ್ನಾನ, ಅಡುಗೆ, ಪಾತ್ರೆ. ಎಂಟು ಗಂಟೆಗೆ ಟ್ಯಾಂಕ್ ಬುಡ ಕಾಣುತ್ತದೆ. ಆಮೇಲೆ ಮೋಟಾರು ಇಲ್ಲ. ಡ್ರಮ್ ಇದ್ದವರ ಮನೆಯಲ್ಲಿ ಸಾಯಂಕಾಲವೂ ನೀರು ಉಳಿದಿರುತ್ತದೆ, ಇಲ್ಲದವರ ಮನೆಯಲ್ಲಿ ಮಧ್ಯಾಹ್ನಕ್ಕೇ ಇರುವುದಿಲ್ಲ.

ನಾವು ಬದಲಿಸಿದ್ದು ಹೊತ್ತನ್ನು. ಶುಕ್ರವಾರ ರಾತ್ರಿ 9ರೊಳಗೆ ತುಂಬಿಸಿಕೊಳ್ಳಿ ಅಂತ ಬರೆದೆವು. ರಾತ್ರಿ ಮೋಟಾರು ಓಡಿಸಿ ಟ್ಯಾಂಕ್ ಮತ್ತೆ ತುಂಬಿಸಿದೆವು. ಬೆಳಿಗ್ಗೆ 7.45ಕ್ಕೆ ಇನ್ನೊಮ್ಮೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ನಗರ ನೀರು ಪೂರೈಕೆಯ ಲೆಕ್ಕ. ಮನೆಗೆ ಮೂರೂವರೆ ಜನ ಅಂದುಕೊಂಡರೆ ಒಂದು ಬ್ಲಾಕ್‌ಗೆ ಇಡೀ ದಿನಕ್ಕೆ 11,000 ಲೀಟರ್ ಚಿಲ್ಲರೆ ಆಗುತ್ತದೆ. ಬೆಳಗಿನ ಬಳಕೆ ಆದ ಮೇಲೆ ತುಂಬಿದ ಟ್ಯಾಂಕ್ ಸಂಜೆವರೆಗೆ ಚೆನ್ನಾಗಿ ಸಾಕು.

ಆದರೆ 7 ಮತ್ತು 8ನೇ ಮಹಡಿಗೆ ಬೇರೆ ಕತೆ. ಟ್ಯಾಂಕ್ ಅವರ ತಲೆಯ ಮೇಲೇ ಇರುವುದರಿಂದ ಒತ್ತಡ ಸಾಲದು, ಅಲ್ಲಿಗೆ ಚಿಕ್ಕ ಪ್ರೆಷರ್ ಪಂಪ್ ಹಾಕಿದ್ದಾರೆ. ಟ್ಯಾಂಕ್ ತುಂಬಿದ್ದರೂ ಪಂಪ್ ನಿಂತರೆ ಅವರ ನಲ್ಲಿಯಲ್ಲಿ ಸಣ್ಣ ಧಾರೆ ಅಷ್ಟೇ. ಆ 24 ಮನೆಗಳಿಗೆ ಬೇರೆಯಾಗಿಯೇ ಹೇಳಬೇಕಾಯಿತು. ಟ್ಯಾಂಕೇ ಇಲ್ಲದೆ ಸಂಪ್‌ನಿಂದ ನೇರವಾಗಿ ಪಂಪ್ ಒತ್ತಡದಲ್ಲಿ ನೀರು ಕೊಡುವ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಎಲ್ಲ ಮಹಡಿಗೂ ಇದೇ ಸ್ಥಿತಿ. ಸಂಪ್ ತುಂಬಿ ತುಳುಕುತ್ತಿದ್ದರೂ ಕರೆಂಟ್ ಹೋದರೆ ಹನಿ ನೀರೂ ಬರುವುದಿಲ್ಲ.

7ನೇ ಮಹಡಿಯ ಅಜ್ಜಿ

ಬಿ ಬ್ಲಾಕ್‌ನ 7ನೇ ಮಹಡಿಯಲ್ಲಿ ಒಬ್ಬ ಅಜ್ಜಿಗೆ ಆಕ್ಸಿಜನ್ ಕಾನ್ಸೆಂಟ್ರೇಟರ್ ಇದೆ. ನಿಮಿಷಕ್ಕೆ 2 ಲೀಟರ್. ಹತ್ತು ದಿನ ಮುಂಚೆ ನಾವು ಮನೆ ಮನೆಗೆ ಹೋಗಿ, ಕರೆಂಟ್ ಮೇಲೆ ನಡೆಯುವ ವೈದ್ಯಕೀಯ ಸಾಧನ ಏನಾದರೂ ಇದೆಯೇ ಅಂತ ಕೇಳಿದ್ದರಿಂದ ಇದು ಗೊತ್ತಾಯಿತು. ನೋಟಿಸ್ ಬೋರ್ಡ್ ನೋಡಿ ಅವರೇ ಬಂದು ಹೇಳಲಿ ಅಂತ ಬಿಟ್ಟಿದ್ದರೆ ಗೊತ್ತಾಗುತ್ತಿರಲಿಲ್ಲ. ಅವರ ಮಗ ನಿಶ್ಚಿಂತೆಯಿಂದ ಇದ್ದರು. "ಜನರೇಟರ್ ಇದೆ, ಮನೇಲಿ ಇನ್ವರ್ಟರ್ ಕೂಡ ಇದೆ" ಅಂದರು.

ಅವರ ಯಂತ್ರ ಎಳೆಯುವುದು ಸುಮಾರು 350 ವ್ಯಾಟ್. ಬ್ಯಾಟರಿ 150 ಆಂಪಿಯರ್ ಅವರ್, 12 ವೋಲ್ಟ್. ಗುಣಿಸಿದರೆ 1,800 ವ್ಯಾಟ್ ಅವರ್. ನಷ್ಟ ಎಲ್ಲ ಕಳೆದರೂ ಹೊಸ ಬ್ಯಾಟರಿ ಮೂರು ಗಂಟೆ ಎಳೆಯಬೇಕು. ಕಾಗದದ ಮೇಲೆ, ಸಂಜೆ 6ರವರೆಗೆ ಅಲ್ಲದಿದ್ದರೂ, ಪೂರ್ತಿ ಕತ್ತಲೆಯ ಆ ಎರಡು ಗಂಟೆಗೆ ಧಾರಾಳ. ಆದರೆ ಅವರ ಬ್ಯಾಟರಿಗೆ ನಾಲ್ಕು ವರ್ಷ ಆಗಿತ್ತು. ಹಿಂದಿನ ಭಾನುವಾರ ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ಯಂತ್ರ ಇನ್ವರ್ಟರ್ ಮೇಲೆ ಹಾಕಿ, ಎಲ್ಲರೂ ಪಕ್ಕದಲ್ಲೇ ಕೂತು ನೋಡಿದೆವು. 50 ನಿಮಿಷಕ್ಕೆ ಇನ್ವರ್ಟರ್ ಬೀಪ್ ಅನ್ನತೊಡಗಿತು. ಆಗ ಮೇನ್ ಮತ್ತೆ ಹಾಕಿದೆವು.

ಆ ಬೀಪ್ ಶನಿವಾರ ಮಧ್ಯಾಹ್ನ, ಲಿಫ್ಟ್ ನಿಂತಿರುವಾಗ ಕೇಳಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಹೊಟ್ಟೆಯಲ್ಲಿ ತಳಮಳ ಆಗುತ್ತದೆ. ಅವರ ವೈದ್ಯರನ್ನು ಕೇಳಿ ಬಿ ಟೈಪ್ ಸಿಲಿಂಡರ್ ಬಾಡಿಗೆಗೆ ತಂದರು. ಅದರಲ್ಲಿ ಸುಮಾರು 1,500 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ 2 ಲೀಟರ್ ಅಂದರೆ 12 ಗಂಟೆ. ಫ್ಲೋಮೀಟರ್ ಮತ್ತು ವಾಲ್ವ್ ತೆರೆಯುವ ಕೀಲಿ ಎರಡೂ ಜೊತೆಗಿವೆಯಾ ಅಂತ ಶುಕ್ರವಾರವೇ ತೆರೆದು ನೋಡಿಕೊಂಡರು. ಪಕ್ಕದಲ್ಲಿ ದೀಪ, ಊದುಬತ್ತಿ ಏನೂ ಹಚ್ಚುವಂತಿಲ್ಲ ಅಂತ ಮನೆಯವರಿಗೆಲ್ಲ ಹೇಳಿದರು. ಸಿಲಿಂಡರ್ ಲಿಫ್ಟ್ ಇರುವಾಗಲೇ ಮೇಲೆ ಹೋಯಿತು.

ಇನ್ಸುಲಿನ್ ಇಟ್ಟುಕೊಂಡವರು ಬಹಳ ಜನ ಗಾಬರಿಯಾಗಿ ಫೋನ್ ಮಾಡಿದರು. ಅದಕ್ಕೆ ಅಷ್ಟು ಚಿಂತೆ ಬೇಡ. ಬಾಗಿಲು ತೆರೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ಇನ್ಸುಲಿನ್ ಅನ್ನು ಗಾಬರಿಯಲ್ಲಿ ಫ್ರೀಜರ್‌ಗೆ ಹಾಕುವುದು ಅಥವಾ ಐಸ್‌ಗೆ ತಾಗಿಸಿ ಇಡುವುದು ಮಾತ್ರ ತಪ್ಪು. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ.

ಮೇನ್ ಸ್ವಿಚ್ ಆಫ್ ಮಾಡಿ ಅಂದದ್ದು ಯಾಕೆ

ನೋಟಿಸಿನಲ್ಲಿ ನಾವು ದಪ್ಪ ಅಕ್ಷರದಲ್ಲಿ ಬರೆದದ್ದು ಒಂದೇ ಸಾಲು. ಮಧ್ಯಾಹ್ನ 1.15ಕ್ಕೆ ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ನಾವು ಹೇಳುವವರೆಗೆ ಹಾಕಬೇಡಿ. ಹೊರಗೆ ಹೋಗುವವರು ಬೆಳಿಗ್ಗೆಯೇ ಆಫ್ ಮಾಡಿ ಹೋಗಿ.

ಇದಕ್ಕೆ ಹಿಂದಿನ ಒಂದು ಕತೆ ಇದೆ. ಮೂರು ವರ್ಷದ ಹಿಂದೆ, ಬೇರೊಬ್ಬ ಗುತ್ತಿಗೆದಾರರು ಪ್ಯಾನಲ್ ಕೆಲಸ ಮಾಡಿ ಕರೆಂಟ್ ಹಾಕಿದಾಗ ಒಂದೇ ಬ್ಲಾಕ್‌ನಲ್ಲಿ ಏಳು ಟಿವಿ, ನಾಲ್ಕು ಫ್ರಿಜ್ ಸುಟ್ಟವು. ನ್ಯೂಟ್ರಲ್ ಬೋಲ್ಟ್ ಒಂದನ್ನು ಬಿಗಿ ಮಾಡುವುದು ಮರೆತಿದ್ದರು.

ಮನೆಗಳಿಗೆ ಮೂರು ಫೇಸ್ ಹಂಚಿರುತ್ತಾರೆ, ಎಲ್ಲರಿಗೂ ನ್ಯೂಟ್ರಲ್ ಒಂದೇ. ಒಂದು ಫೇಸ್ ಮತ್ತು ನ್ಯೂಟ್ರಲ್ ಮಧ್ಯೆ 230 ವೋಲ್ಟ್, ಎರಡು ಫೇಸ್ ಮಧ್ಯೆ 400 ವೋಲ್ಟ್. ನ್ಯೂಟ್ರಲ್ ಬಿಟ್ಟುಹೋದರೆ ಬೇರೆ ಬೇರೆ ಫೇಸ್‌ನ ಮನೆಗಳು ಒಂದಕ್ಕೊಂದು ಸರಪಳಿ ಕಟ್ಟಿಕೊಂಡ ಹಾಗೆ ಆಗುತ್ತವೆ. ಒಂದು ಮನೆಯಲ್ಲಿ 2,000 ವ್ಯಾಟ್ ಗೀಸರ್ ಹಾಕಿದ್ದಾರೆ, ಇನ್ನೊಂದು ಫೇಸ್‌ನ ಮನೆಯಲ್ಲಿ 200 ವ್ಯಾಟ್‌ನ ಟಿವಿ ಮತ್ತು ದೀಪ ಅಂದುಕೊಳ್ಳಿ. 400 ವೋಲ್ಟ್ ಇವರಿಬ್ಬರ ಮಧ್ಯೆ ಹಂಚಿಕೆ ಆಗುತ್ತದೆ, ಆದರೆ ಸಮ ಅಲ್ಲ. ಗೀಸರ್ ಮನೆಗೆ 36, ಟಿವಿ ಮನೆಗೆ 364. ಕಡಿಮೆ ಕರೆಂಟ್ ಬಳಸುತ್ತಿದ್ದವರ ಸಾಮಾನೇ ಸುಡುತ್ತದೆ. ಮಾಮೂಲಿ ಎಂಸಿಬಿ ಇದನ್ನು ತಡೆಯುವುದಿಲ್ಲ, ಯಾಕೆಂದರೆ ಅದು ನೋಡುವುದು ಹೆಚ್ಚಿನ ಕರೆಂಟನ್ನು, ಹೆಚ್ಚಿನ ವೋಲ್ಟೇಜನ್ನು ಅಲ್ಲ.

ಮೇನ್ ಆಫ್ ಇದ್ದರೆ ತಪ್ಪು ಆಗಿದ್ದರೂ ಮನೆ ಒಳಗೆ ಬರುವುದಿಲ್ಲ. ನಾವು ಪರೀಕ್ಷೆ ಮಾಡಿ, ಸರಿ ಇದೆ ಅಂತ ಖಚಿತವಾದ ಮೇಲೆ ನೀವು ಹಾಕಿಕೊಳ್ಳಬಹುದು. ಇನ್ನೊಂದು ಲಾಭವೂ ಇದೆ. ಸಂಜೆ ಕರೆಂಟ್ ಬಂದ ಕ್ಷಣಕ್ಕೆ 96 ಮನೆಯ ಎರಡೆರಡು ಗೀಸರ್ ಒಟ್ಟಿಗೆ ಎಳೆದರೆ 384 ಕಿಲೋವ್ಯಾಟ್ ಆಗುತ್ತದೆ. ಆಗತಾನೇ ಚಾಲೂ ಆದ ಟ್ರಾನ್ಸ್‌ಫಾರ್ಮರ್ ಮೇಲೆ ಆ ಹೊರೆ ಹಾಕುವುದು ಬೇಡ.

ಇದರ ಜೊತೆ ಇನ್ನೆರಡು ಕಡೆ ಎಚ್ಚರ ವಹಿಸಿದೆವು. ನೆಲ ಮಹಡಿಯ ಅಂಗಡಿಯವರ ಹತ್ತಿರ ಸಣ್ಣ ಪೆಟ್ರೋಲ್ ಜನರೇಟರ್ ಇತ್ತು. ಅವರು ಅದನ್ನು ಎರಡೂ ಕಡೆ ಪಿನ್ ಇರುವ ವೈರಿನಿಂದ ಗೋಡೆಯ ಸಾಕೆಟ್‌ಗೆ ಚುಚ್ಚುವ ರೂಢಿ. ಮೇನ್ ಆನ್ ಇದ್ದರೆ ಆ ಕರೆಂಟ್ ಹಿಂದಕ್ಕೆ ಪ್ಯಾನಲ್‌ವರೆಗೆ ಹೋಗುತ್ತದೆ. ಅಲ್ಲಿ ಕೆಲಸಗಾರರ ಕೈ ಇರುತ್ತದೆ. ಟ್ರಾನ್ಸ್‌ಫಾರ್ಮರ್‌ವರೆಗೆ ತಲುಪಿದರೆ ವೋಲ್ಟೇಜ್ ಹತ್ತಾರು ಪಟ್ಟು ಏರಿ 11,000 ವೋಲ್ಟ್ ಕಡೆಗೆ ಹೊರಡುತ್ತದೆ. ನಾನೇ ಹೋಗಿ ಮಾತಾಡಿದೆ. "ಅಣ್ಣ, ಆ ಒಂದು ದಿನ ಫ್ರೀಜರ್ ಅನ್ನು ನೇರವಾಗಿ ಜನರೇಟರ್‌ಗೇ ಹಾಕಿ, ಗೋಡೆಗೆ ಬೇಡ" ಅಂದೆ. ಒಪ್ಪಿದರು. ಆ ವೈರನ್ನು ಆಮೇಲೆ ಕತ್ತರಿಸಿ ಹಾಕಿದರು.

ಎರಡನೆಯದು ಡಿ ಬ್ಲಾಕ್ ಮೇಲಿನ ಸೋಲಾರ್. ಲೈನಿನಲ್ಲಿ ಕರೆಂಟ್ ಹೋದರೆ ಅದರ ಇನ್ವರ್ಟರ್ ತಾನೇ ನಿಲ್ಲುತ್ತದೆ ನಿಜ. ಆದರೆ ಜನರೇಟರ್ ಶುರುವಾದರೆ ಲೈನ್ ಬಂತು ಅಂತ ತಿಳಿದು ಮತ್ತೆ ಚಾಲೂ ಆಗುತ್ತದೆ, ಬಿಸಿಲಿನಲ್ಲಿ ಕರೆಂಟನ್ನು ಜನರೇಟರ್‌ಗೇ ಹಿಂದಕ್ಕೆ ತಳ್ಳಬಹುದು. ಬೆಳಿಗ್ಗೆ 7.30ಕ್ಕೇ ಅದರ ಐಸೊಲೇಟರ್ ಆಫ್ ಮಾಡಿ ಬೀಗ ಹಾಕಿದೆವು.

ಕೊನೆಗೆ ಹೋದ ನೋಟಿಸ್

"ಶನಿವಾರ ಟ್ರಾನ್ಸ್‌ಫಾರ್ಮರ್ ಎಣ್ಣೆ ಸೋಸುವ ಮತ್ತು ಮೇನ್ ಪ್ಯಾನಲ್ ಬಿಗಿ ಮಾಡುವ ಕೆಲಸ ಇದೆ.

ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30: ಜನರೇಟರ್ ಇರುತ್ತದೆ. ಮನೆಗೆ 500 ವ್ಯಾಟ್ ಮಾತ್ರ. ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿ, ಮಿಕ್ಸಿ ಬೇಡ. ಬ್ಲಾಕ್‌ಗೆ ಒಂದೇ ಲಿಫ್ಟ್.

ಮಧ್ಯಾಹ್ನ 1.30ರಿಂದ 3.30: ಏನೂ ಇರುವುದಿಲ್ಲ. ಜನರೇಟರ್ ಇಲ್ಲ, ಲಿಫ್ಟ್ ಇಲ್ಲ, ಮೆಟ್ಟಿಲ ದೀಪ ಇಲ್ಲ. 1.20ಕ್ಕೆ ಲಿಫ್ಟ್‌ಗಳನ್ನು ನೆಲ ಮಹಡಿಯಲ್ಲಿ ನಿಲ್ಲಿಸುತ್ತೇವೆ.

1.15ಕ್ಕೆ ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಸೆಕ್ಯುರಿಟಿಯವರು ನಿಮ್ಮ ಮಹಡಿಗೆ ಬಂದು ಹೇಳುವವರೆಗೆ ಹಾಕಬೇಡಿ. ಹೊರಗೆ ಹೋಗುವವರು ಬೆಳಿಗ್ಗೆಯೇ ಆಫ್ ಮಾಡಿ ಹೋಗಿ.

3.30ರಿಂದ 6: ಜನರೇಟರ್ ಇದ್ದರೂ ಮನೆಗಳಿಗೆ ಇಲ್ಲ, ಲಿಫ್ಟ್ ಮತ್ತು ದೀಪಕ್ಕೆ ಮಾತ್ರ. ಪರೀಕ್ಷೆಗಳು ನಡೆಯುತ್ತಿರುತ್ತವೆ.

ನೀರು ಶುಕ್ರವಾರ ರಾತ್ರಿ 9ರೊಳಗೆ ತುಂಬಿಕೊಳ್ಳಿ, ಶನಿವಾರ ಬೆಳಿಗ್ಗೆ ಬೇಡ. 7, 8ನೇ ಮಹಡಿಯವರಿಗೆ 9.30ರಿಂದ ನೀರಿನ ಒತ್ತಡ ಇರುವುದಿಲ್ಲ.

ಲೈನ್ ಕ್ಲಿಯರ್ ತಡವಾದರೆ ಎಲ್ಲ ಸಮಯವೂ ಅಷ್ಟೇ ಮುಂದೆ ಹೋಗುತ್ತದೆ. ಮಳೆ ಬಂದರೆ ಎಣ್ಣೆಯ ಕೆಲಸ ನಿಲ್ಲಿಸುತ್ತೇವೆ."

ಕನ್ನಡ, ಇಂಗ್ಲಿಷ್, ಹಿಂದಿ ಮೂರರಲ್ಲೂ ಹಾಕಿದೆವು. ಮನೆಗೆಲಸದವರಿಗೂ ಓದಿ ಹೇಳಿದೆವು. ಮನೆಯವರು ಇಲ್ಲದಾಗ ಸ್ವಿಚ್ ಹಾಕುವವರು ಅವರೇ ಅಲ್ವಾ.

ಆ ದಿನ

ಲೈನ್ ಕ್ಲಿಯರ್ 8.30ರ ಬದಲು 9.20ಕ್ಕೆ ಬಂತು. ಐವತ್ತು ನಿಮಿಷ. ಸಮಯ ಮುಂದೆ ಹೋಗುತ್ತದೆ ಅಂತ ಬರೆದಿದ್ದರಿಂದ ಯಾರೂ ಜಗಳ ಮಾಡಲಿಲ್ಲ. ಆದರೆ ಹೊಸ ಸಮಯ ಎಷ್ಟು ಅಂತ ಎಲ್ಲರಿಗೂ ಮತ್ತೆ ತಿಳಿಸಬೇಕಾಯಿತು. ಸೆಕ್ಯುರಿಟಿಯವರು ಪ್ರತಿ ಮಹಡಿಗೂ ಹೋಗಿ 2.20ರಿಂದ 4.20 ಅಂತ ಹೇಳಿ ಬಂದರು. ಅಜ್ಜಿಯ ಮನೆಗೆ ನಾನೇ ಫೋನ್ ಮಾಡಿದೆ.

ಸೋಸಿದ ಮೇಲೆ ಎಣ್ಣೆಯ ಬಿಡಿವಿ 58 ಬಂತು. ಗ್ಯಾಸ್ಕೆಟ್ ಬದಲಾಯಿತು, ಹೊಸ ನೀಲಿ ಹರಳು ಬಿತ್ತು. ಇನ್ಸುಲೇಷನ್ ಗಟ್ಟಿ ಇದೆಯಾ ಅಂತ ನೋಡುವ ಮೆಗ್ಗರ್ ಪರೀಕ್ಷೆ ಸರಿ ಇತ್ತು. ಲೈನ್ ಕ್ಲಿಯರ್ ಹಿಂದಿರುಗಿಸುವ ಮೊದಲು ಕಟ್ಟಿದ ಅರ್ಥಿಂಗ್ ಬಿಚ್ಚಿದ್ದಾರಾ, ಉಪಕರಣಗಳೆಲ್ಲ ಹೊರಗೆ ಬಂದಿವೆಯಾ ಅಂತ ಇಬ್ಬರು ಬೇರೆ ಬೇರೆಯಾಗಿ ಎಣಿಸಿದರು. 5.40ಕ್ಕೆ ಟ್ರಾನ್ಸ್‌ಫಾರ್ಮರ್ ಚಾಲೂ ಮಾಡಿ, ಹೊರೆ ಹಾಕದೆ ಅರ್ಧ ಗಂಟೆ ಶಬ್ದ ಕೇಳುತ್ತಾ ನಿಂತರು.

ಆಮೇಲೆ ನ್ಯೂಟ್ರಲ್ ಪರೀಕ್ಷೆ. ಇದನ್ನು ಸುಮ್ನೆ ಮೀಟರ್ ಇಟ್ಟು ನೋಡಿದರೆ ಗೊತ್ತಾಗುವುದಿಲ್ಲ. ಎಲ್ಲ ಮನೆಯ ಮೇನ್ ಆಫ್ ಇರುವಾಗ ಹೊರೆಯೇ ಇಲ್ಲ, ಸಡಿಲ ನ್ಯೂಟ್ರಲ್ ಇದ್ದರೂ ಮೂರು ಫೇಸ್‌ನಲ್ಲೂ 230 ತೋರಿಸಬಹುದು. ನಮ್ಮ ಎಲೆಕ್ಟ್ರಿಷಿಯನ್ 2,000 ವ್ಯಾಟ್‌ನ ಒಂದು ಹೀಟರ್ ತಂದಿದ್ದರು. ಪ್ರತಿ ಬ್ಲಾಕ್‌ನಲ್ಲೂ ಅದನ್ನು ಒಂದು ಫೇಸ್‌ಗೆ ಹಾಕಿ, ಮೂರೂ ಫೇಸ್ ಅಳೆದರು. ನ್ಯೂಟ್ರಲ್ ಗಟ್ಟಿ ಇದ್ದರೆ ಒಂದೆರಡು ವೋಲ್ಟ್ ಅತ್ತಿತ್ತ ಆಗುತ್ತದೆ ಅಷ್ಟೇ. ಎ, ಬಿ, ಡಿ ಬ್ಲಾಕ್‌ನಲ್ಲಿ ಹಾಗೇ ಇತ್ತು. ಸಿ ಬ್ಲಾಕ್‌ನಲ್ಲಿ ಹೀಟರ್ ಹಾಕಿದ ಫೇಸ್ 198ಕ್ಕೆ ಬಿತ್ತು, ಉಳಿದ ಎರಡೂ 245 ದಾಟಿದವು.

ಕರೆಂಟ್ ಮತ್ತೆ ಬಂದ್ ಮಾಡಿ ಸಿ ಬ್ಲಾಕ್‌ನ ಪೆಟ್ಟಿಗೆ ಬಿಚ್ಚಿದರು. ನ್ಯೂಟ್ರಲ್ ಕೇಬಲ್ ತುದಿಯ ಲಗ್ ಕಪ್ಪಗಾಗಿತ್ತು. ಇದು ಆ ದಿನದ ತಪ್ಪಲ್ಲ, ತಿಂಗಳುಗಟ್ಟಲೆ ಬಿಸಿಯಾಗಿ ಸಡಿಲಾದದ್ದು. ಲಗ್ ಕತ್ತರಿಸಿ ಹೊಸದು ಒತ್ತಿ, ಬೋಲ್ಟ್ ಬಿಗಿ ಮಾಡಿ, ಮತ್ತೆ ಹೀಟರ್ ಹಾಕಿ ನೋಡಿದರು. 231, 233, 232. ಮೋಟಾರುಗಳು ಸರಿಯಾದ ದಿಕ್ಕಿಗೆ ತಿರುಗುತ್ತಿವೆಯಾ ಅಂತಲೂ ನೋಡಿದರು. ಎರಡು ಫೇಸ್ ಅದಲುಬದಲಾಗಿದ್ದರೆ ಪಂಪ್ ಹಿಮ್ಮುಖ ಓಡುತ್ತದೆ.

7.10ರಿಂದ ಮಹಡಿಗೆ ಮಹಡಿ ಕರೆಂಟ್ ಕೊಟ್ಟೆವು. ನೋಟಿಸಿನಲ್ಲಿ 6 ಅಂತ ಬರೆದಿದ್ದೆವು. 96 ಮನೆಯಲ್ಲಿ ಆರು ಮನೆಯವರು ಮೇನ್ ಆಫ್ ಮಾಡಿರಲಿಲ್ಲ, ಅದರಲ್ಲಿ ಎರಡು ಸಿ ಬ್ಲಾಕ್‌ನವೇ. ಮನೆಗಳಿಗೆ ಕರೆಂಟ್ ಕೊಡುವ ಸ್ವಿಚ್ ನಾವು ಇನ್ನೂ ಹಾಕಿರಲಿಲ್ಲ, ಪರೀಕ್ಷೆ ಮೊದಲು ಮುಗಿದಿತ್ತು. ಹಾಗಾಗಿ ಅವರ ಸಾಮಾನು ಉಳಿಯಿತು.

ನಾವು ಮರೆತದ್ದು

ಎಸ್‌ಟಿಪಿ ಬ್ಲೋವರ್. ಎಣ್ಣೆ ಸೋಸುವಾಗ ಆಫ್ ಮಾಡಿ ಅಂತ ಆಪರೇಟರ್‌ಗೆ ಹೇಳಿದ್ದೆವು. ಯಾವಾಗ ಹಾಕಬೇಕು ಅಂತ ಹೇಳಿರಲಿಲ್ಲ. ಅವರ ಪಾಳಿ 5 ಗಂಟೆಗೆ ಮುಗಿಯಿತು, ಮನೆಗೆ ಹೋದರು. ಬ್ಲೋವರ್‌ನ ಸ್ಟಾರ್ಟರ್ ಕೈಯಿಂದ ಒತ್ತುವಂಥದ್ದು, ಕರೆಂಟ್ ಬಂದರೂ ತಾನೇ ಶುರುವಾಗುವುದಿಲ್ಲ. ರಾತ್ರಿ 9.30ಕ್ಕೆ ವಾಸನೆ ಬರುತ್ತಿದೆ ಅಂತ ನೆಲ ಮಹಡಿಯ ಅಕ್ಕ ಒಬ್ಬರು ಫೋನ್ ಮಾಡಿದ ಮೇಲೆ ಗೊತ್ತಾಯಿತು. ಅಷ್ಟು ಹೊತ್ತಿಗೆ ಬ್ಲೋವರ್ ನಿಂತು ಹನ್ನೊಂದು ಗಂಟೆ ದಾಟಿತ್ತು. ಗಾಳಿ ಇಲ್ಲದೆ ತೊಟ್ಟಿಯ ಬ್ಯಾಕ್ಟೀರಿಯಾ ಸೊರಗಿದ್ದವು, ವಾಸನೆ ಹೋಗಲು ಎರಡು ದಿನ ಹಿಡಿಯಿತು. ಫ್ಲಶ್‌ಗೆ ಬರುವ ನೀರೂ ಆ ಎರಡು ದಿನ ಕದಡಿತ್ತು.

ಈಗ ನಮ್ಮ ಕಡತದಲ್ಲಿ ಆ ದಿನದ ವೇಳಾಪಟ್ಟಿಯ ಪಕ್ಕದಲ್ಲಿ ಇನ್ನೊಂದು ಕಾಲಂ ಇದೆ: ಆಫ್ ಮಾಡುವವರು ಯಾರು, ಮತ್ತೆ ಆನ್ ಮಾಡುವವರು ಯಾರು. ಸೋಲಾರ್, ಬ್ಲೋವರ್, ಪ್ರೆಷರ್ ಪಂಪ್, ಫೈರ್ ಪಂಪ್‌ನ ಆಟೋ ಸ್ವಿಚ್, ನಾಲ್ಕಕ್ಕೂ ಎರಡೆರಡು ಹೆಸರು ಬರೆದಿದ್ದೇವೆ. ಮುಗಿಯುವ ಸಮಯವನ್ನು ರಾತ್ರಿ 8 ಅಂತ ತಿದ್ದಿದ್ದೇವೆ.